ಅಜ್ಜನ ಲೆಕ್ಕ, ನಮ್ಮ ಬಾಕಿ

ಅಜ್ಜ ಮಾಡಿದ ಅನ್ಯಾಯಕ್ಕೆ ಮೊಮ್ಮಗ ಹೊಣೆಯೇ? ಶಿರಸಿ ಸೀಮೆಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ. “ಆಗಿನ ಕಾಲವೇ ಹಾಗಿತ್ತು. ಈಗ ಅದನ್ನೆಲ್ಲ ಕೆದಕಿ ಏನು ಸಿಗುತ್ತದೆ?” ಮದುವೆ ಮನೆಯ ಜಗಲಿಯಲ್ಲಿ ಇರಲಿ, ಸೊಸೈಟಿಗೆ ಅಡಿಕೆ ಒಯ್ದು ಟೆಂಡರ್‌ಗೆ ಕಾಯುವಾಗ ಇರಲಿ, ಜಾತಿಯ ಮಾತು, ಜೀತದ ಮಾತು ಬಂತೆಂದರೆ ಕೊನೆಗೆ ಇದೇ ಮಾತಿಗೆ ಬಂದು ನಿಲ್ಲುತ್ತದೆ. ನಾನು ಅಡಿಕೆ ತೋಟದ ಮನೆಯವನು. ಈ ಉತ್ತರ ಕೇಳುತ್ತಲೇ ಬೆಳೆದವನು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧದ ಬಗ್ಗೆ ಬರೆಯಬೇಕು ಅನಿಸಿದೆ.

ಮೊದಲು ನಿಜ ಇರುವ ಅರ್ಧ. ತಪ್ಪು ಮಾಡಿದವನದ್ದೇ ತಪ್ಪು. ನಾನು ಹುಟ್ಟುವ ಮೊದಲು ನಡೆದದ್ದಕ್ಕೆ ನನ್ನನ್ನು ಅಪರಾಧಿ ಅನ್ನುವುದು ನ್ಯಾಯವಲ್ಲ. ಜರ್ಮನಿಯಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಚಿಂತಕಿ ಹನ್ನಾ ಆರೆಂಟ್ ಇದನ್ನು ಬಹಳ ಗಟ್ಟಿಯಾಗಿ ಹೇಳಿದ್ದರು. ಅಪರಾಧ ಯಾವಾಗಲೂ ಒಬ್ಬೊಬ್ಬರದ್ದು, ಎಲ್ಲರೂ ಅಪರಾಧಿಗಳು ಅಂದುಬಿಟ್ಟರೆ ನಿಜವಾಗಿ ಮಾಡಿದವನು ತಪ್ಪಿಸಿಕೊಳ್ಳುತ್ತಾನೆ ಅನ್ನುವುದು ಅವರ ವಾದ. ಆದರೆ ಹೊಣೆ ಬೇರೆ ಅಂತಲೂ ಅವರು ಹೇಳುತ್ತಿದ್ದರು. ಒಂದು ಸಮುದಾಯಕ್ಕೆ ಸೇರಿದವರಾಗಿ ನಾವು ನಾವೇ ಮಾಡದ ಕೆಲಸಕ್ಕೂ ಉತ್ತರ ಹೇಳಬೇಕಾಗುತ್ತದೆ. ಅದು ಶಿಕ್ಷೆ ಅಲ್ಲ.

ಆದರೆ ಆ ಹೊಣೆ ಎಷ್ಟು? ಎಲ್ಲಿಗೆ ಮುಗಿಯುತ್ತದೆ? ಇದಕ್ಕೆ ಅಳತೆಗೋಲು ನಮ್ಮ ಮನೆಗಳಲ್ಲೇ ಇತ್ತು.

ತಂದೆ ಮಾಡಿದ ಸಾಲ ಮಗನ ಮೇಲೆ ಬರುತ್ತದೆ ಎಂದು ಧರ್ಮಶಾಸ್ತ್ರ ಹೇಳುತ್ತದೆ. ಮಗ ಅಸಲು, ಬಡ್ಡಿ ಎರಡನ್ನೂ ತೀರಿಸಬೇಕು. ಮೊಮ್ಮಗ ಅಸಲು ತೀರಿಸಿದರೆ ಸಾಕು. ಮರಿಮಗನಿಗೆ ಆಸ್ತಿ ಬಂದಿದ್ದರೆ ಮಾತ್ರ ಕೊಡಬೇಕು. ಜೂಜಿಗೆ, ಕುಡಿತಕ್ಕೆ ಮಾಡಿದ ಸಾಲಕ್ಕೆ ಮಕ್ಕಳು ಬದ್ಧರಲ್ಲ. ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಅಲ್ಲಿ 1866ರಲ್ಲಿ ಒಂದು ಕಾನೂನು ಬಂತು. ಹಿರಿಯರ ಸಾಲಕ್ಕೆ ವಾರಸುದಾರ ಹೊಣೆ ಹೌದು, ಆದರೆ ಅವನ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಅಂದಿತು. ಕೊನೆಗೆ 2005ರ ಸೆಪ್ಟೆಂಬರ್ 9ರಿಂದ, ಹಿಂದೂ ವಾರಸಾ ಕಾಯ್ದೆಯ ತಿದ್ದುಪಡಿಯಲ್ಲಿ, ಬರೀ ಧರ್ಮದ ಕಟ್ಟುಪಾಡಿನ ಹೆಸರಲ್ಲಿ ಅಪ್ಪ, ಅಜ್ಜ, ಮುತ್ತಜ್ಜನ ಸಾಲವನ್ನು ಮಕ್ಕಳಿಂದ ವಸೂಲು ಮಾಡುವುದನ್ನೇ ತೆಗೆದುಹಾಕಿದರು. ಆಮೇಲೆ ಮಾಡಿದ ಸಾಲಗಳಿಗೆ ಅದು ಅನ್ವಯ.

ಇಷ್ಟು ವರ್ಷಗಳಲ್ಲಿ ಆಸ್ತಿವಂತರ ಮಕ್ಕಳನ್ನು ಕಾನೂನು ಎಷ್ಟು ಜಾಗ್ರತೆಯಿಂದ ಕಾಪಾಡಿತು ನೋಡಿ. ಕೈಗೆ ಬಂದಷ್ಟಕ್ಕೆ ಮಾತ್ರ ಹೊಣೆ. ಇದು ಒಳ್ಳೆಯ ನಿಯಮ. ಹಿರಿಯರ ಅನ್ಯಾಯದ ವಿಷಯದಲ್ಲೂ ನಾನು ಇದೇ ನಿಯಮ ಹಿಡಿಯುತ್ತೇನೆ. ಅಜ್ಜನ ತಪ್ಪು ನನ್ನದಲ್ಲ. ಅದರಿಂದ ನನ್ನ ಕೈಗೆ ಬಂದದ್ದು ನನ್ನದು, ಅಷ್ಟರ ಮಟ್ಟಿಗೆ ಬಾಕಿಯೂ ನನ್ನದು.

ಈಗ ನಮ್ಮ ಮನೆಯ ಲೆಕ್ಕದ ಪುಸ್ತಕದ ವಿಷಯ. ಮಾಳಿಗೆ ಮೇಲಿನ ಪೆಟ್ಟಿಗೆಯಲ್ಲಿ ಮುತ್ತಜ್ಜ, ಅಜ್ಜ ಬರೆದ ಕೀರ್ದಿಗಳಿವೆ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಅಡಿಕೆ ಮಾರಿದ್ದು, ದೇವಸ್ಥಾನಕ್ಕೆ ಕೊಟ್ಟದ್ದು, ಬೆಲ್ಲ ತಂದದ್ದು ಎಲ್ಲ ಅದರಲ್ಲಿದೆ. ಬೇರೆ ಕೆಲವು ಹಾಳೆಗಳಲ್ಲಿ ಆಳುಗಳ ಖಾತೆ. ಹೆಸರು, ಕೊಟ್ಟ ಭತ್ತ ಸಿದ್ದೆ ಲೆಕ್ಕದಲ್ಲಿ, ಕೊಟ್ಟ ಕಂಬಳಿ, ಮದುವೆಗೆಂದು ಕೊಟ್ಟ ಸಾಲ. ದುಡಿದ ದಿನಗಳನ್ನು ಕಳೆದು ಉಳಿದ ಬಾಕಿ. ಒಂದು ಖಾತೆ ನಡುವೆ ನಿಂತುಹೋಗುತ್ತದೆ. ಆಳು ತೀರಿಕೊಂಡಿದ್ದ. ಮುಂದಿನ ಹಾಳೆಯಲ್ಲಿ ಹೊಸ ಖಾತೆ, ಅವನ ಮಗನ ಹೆಸರಿನಲ್ಲಿ. ಮೊದಲನೇ ಸಾಲಲ್ಲೇ, ಅಪ್ಪನ ಬಾಕಿ ಇಲ್ಲಿಗೆ ತಂದದ್ದು ಎಂದು ಬರೆದಿದೆ.

ಆ ಮಗನಿಗೆ ಅಪ್ಪನಿಂದ ಬಂದ ಆಸ್ತಿ ಏನೂ ಇರಲಿಲ್ಲ. ಇದ್ದ ಬಿಡಾರವೂ ನಮ್ಮ ಬೆಟ್ಟದ ಅಂಚಿನಲ್ಲಿತ್ತು. ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ ಎಂಬ ಕಾನೂನು ಆಗಲೇ ಬಂದು ಎಷ್ಟೋ ವರ್ಷವಾಗಿತ್ತು. ಆದರೂ ಅಪ್ಪನ ಸಾಲ ಪೂರಾ ಅವನ ತಲೆಗೆ ಬಂತು. ಆಗ ಯಾರೂ “ಅಪ್ಪ ಮಾಡಿದ್ದಕ್ಕೆ ಮಗ ಹೇಗೆ ಹೊಣೆ?” ಎಂದು ಕೇಳಲಿಲ್ಲ. ಸಾಲ ಕೊಟ್ಟ ಮನೆಯ ಮೊಮ್ಮಕ್ಕಳಾದ ನಾವು ಈಗ ಆ ಪ್ರಶ್ನೆ ಕೇಳುತ್ತಿದ್ದೇವೆ. ನನಗೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಭಾರವಾಗಿ ಕಾಣುವುದು ಇದೇ. ಹಿರಿಯರ ಬಾಕಿಯನ್ನು ಮಕ್ಕಳು ಹೊರಬೇಕು ಎಂಬ ಲೆಕ್ಕದ ಮೇಲೇ ತೋಟದ ದುಡಿಮೆ ನಡೆದಿತ್ತು. ಅದು ಒಂದೇ ದಿಕ್ಕಿನಲ್ಲಿ ನಡೆದಿತ್ತು ಅಷ್ಟೇ.

ಜೀತ 1975ರ ಅಕ್ಟೋಬರ್ 25ರಂದು ಕಾನೂನಿನಲ್ಲಿ ಮುಗಿಯಿತು. ಮೊದಲು ಸುಗ್ರೀವಾಜ್ಞೆ, ಆಮೇಲೆ 1976ರ ಕಾಯ್ದೆ. ಬಾಕಿಗಳೆಲ್ಲ ರದ್ದು. ಆ ಕಾಯ್ದೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಕಲಂ ಇದೆ, 15ನೆಯದು. ಇದು ಜೀತದ ಸಾಲ ಎಂದು ಆಳು ಹೇಳಿದರೆ ಸಾಕು. ಅಲ್ಲ ಎಂದು ಸಾಬೀತು ಮಾಡುವುದು ಸಾಲ ಕೊಟ್ಟವನ ಕೆಲಸ. ಕಾಗದ ಯಾರ ಮನೆಯಲ್ಲಿರುತ್ತದೆ ಎಂಬುದು ಆ ಕಲಂ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಮೂವತ್ತು ವರ್ಷ ಕಳೆದು ಬಂದ ಇನ್ನೊಂದು ಕಾಯ್ದೆ ಆ ಭಾರವನ್ನು ತಿರುಗಿ ಬಡವರ ಮೇಲೆ ಹೊರಿಸಿತು. ಅದೇ 2006ರ ಅರಣ್ಯ ಹಕ್ಕು ಕಾಯ್ದೆ. ಉದ್ದೇಶ ಒಳ್ಳೆಯದು. ತಲೆಮಾರುಗಳಿಂದ ಕಾಡಿನ ಜಾಗದಲ್ಲಿ ಬದುಕಿದವರಿಗೆ ಹಕ್ಕು ಕೊಡಬೇಕು ಎಂದು ಬಂದದ್ದು. ನಮ್ಮ ಜಿಲ್ಲೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಕಾಡೇ. ಹಾಗಾಗಿ ತೋಟದ ಕೆಲಸದವರ ಮನೆ, ಸಣ್ಣ ಗದ್ದೆ ಬಹಳಷ್ಟು ಇರುವುದು ಅರಣ್ಯ ಎಂದು ದಾಖಲಾದ ಜಾಗದಲ್ಲಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರು ಎಂದು ತೋರಿಸಿದರೆ ಆಯಿತು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದ್ದರಿಂದ ಅವರಿಗೆ ಈ ದಾರಿ ಸಿಕ್ಕಿತು. ಉಳಿದವರೆಲ್ಲ, ಪರಿಶಿಷ್ಟ ಜಾತಿಯವರೂ ಸೇರಿ, “ಇತರೆ” ಎಂಬ ಸಾಲಿಗೆ ಬರುತ್ತಾರೆ. ಅವರು ಆ ತಾರೀಕಿಗೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದು ಕಾಡನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ.

1930ರಲ್ಲಿ ಅಪ್ಪನ ಸಾಲಕ್ಕೆ ದುಡಿಯುತ್ತಿದ್ದ ಆಳಿನ ಹೆಸರು ಯಾವ ಸರ್ಕಾರಿ ಕಾಗದದಲ್ಲಿರುತ್ತದೆ? ಪಹಣಿ ಇಲ್ಲ, ಗೇಣಿ ಚೀಟಿ ಇಲ್ಲ, ಶಾಲೆಗೆ ಹೋದವನಲ್ಲ. ಜಿಲ್ಲೆಯಲ್ಲಿ 80,000ಕ್ಕೂ ಜಾಸ್ತಿ ಅರ್ಜಿ ಬಿದ್ದವು. ಬಹುಪಾಲು ತಿರಸ್ಕಾರ ಆದವು.

ನಮ್ಮ ಮನೆಯ ಕೆಳಗಿನ ಕೇರಿಯ ಒಂದು ಕುಟುಂಬದ ಅರ್ಜಿಯೂ ಅದರಲ್ಲಿ ಒಂದು. ಅವರು ಪರಿಶಿಷ್ಟ ಜಾತಿಯವರು. ಒಂದು ಮನೆ, ಅದರ ಸುತ್ತ ಎಕರೆಯಷ್ಟು ಜಾಗ. 75 ವರ್ಷದ ದಾಖಲೆ ಇಲ್ಲ ಎಂಬ ಒಂದೇ ಸಾಲಿನ ಕಾರಣ ಕೊಟ್ಟು ಅರ್ಜಿ ತಿರಸ್ಕರಿಸಿದ್ದರು. 2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕಾರ ಆದವರನ್ನು ಒಕ್ಕಲೆಬ್ಬಿಸಿ ಎಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಾಗ ಇಡೀ ಕೇರಿ ನಿದ್ದೆಗೆಟ್ಟಿತು. ಅದೇ 28ರಂದು ಆ ಆದೇಶಕ್ಕೆ ತಡೆ ಬಂತು. ಅರ್ಜಿಗಳನ್ನು ಮತ್ತೆ ನೋಡುತ್ತೇವೆ ಅಂದರು. ಆಗ ಆ ಮನೆಯ ಮಗ ನಮ್ಮಲ್ಲಿಗೆ ಬಂದ. ಅಂಗಳದಲ್ಲೇ ನಿಂತು, “ಹೆಗಡೇರೇ, ನಿಮ್ಮನೆ ಪುಸ್ತಕದಲ್ಲಿ ನಮ್ಮ ಅಜ್ಜನ ಹೆಸ್ರು ಇರ್ಬೇಕಲ್ರಾ?” ಎಂದು ಕೇಳಿದ.

ಇತ್ತು. ಅಜ್ಜನದ್ದೂ ಇತ್ತು, ಮುತ್ತಜ್ಜನದ್ದೂ ಇತ್ತು. ಅಪ್ಪನ ಬಾಕಿ ಮಗನ ಖಾತೆಗೆ ಬಂದ ಆ ಹಾಳೆ ಅವರದ್ದೇ.

ಇಂಥ ಪುಸ್ತಕ ಇನ್ನೂ ಎಷ್ಟೋ ಮನೆಗಳಲ್ಲಿ ಇರುವುದರಿಂದ, ಅದನ್ನು ಸಾಕ್ಷಿಯಾಗಿ ಹೇಗೆ ನಿಲ್ಲಿಸಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಯ್ದೆಯ 13ನೇ ನಿಯಮದಲ್ಲಿ ಯಾವ್ಯಾವ ಸಾಕ್ಷಿ ಆಗುತ್ತದೆ ಎಂಬ ಪಟ್ಟಿ ಇದೆ. ಸರ್ಕಾರಿ ದಾಖಲೆ ಇದೆ, ರೇಷನ್ ಕಾರ್ಡ್ ಇದೆ. ಮನೆ, ಒಡ್ಡು, ಹಳೇ ಬಾವಿ, ಹೂಳುವ ಜಾಗವೂ ಇದೆ. ವಂಶಾವಳಿ ಇದೆ. ಕೊನೆಯಲ್ಲಿ, ಅರ್ಜಿದಾರರ ಮನೆಯವರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡ ಹೇಳಿಕೆ ಇದೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು. ಇಂಥದ್ದೇ ಕಾಗದ ಬೇಕು ಎಂದು ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಖಾಸಗಿ ಕೀರ್ದಿ ಪುಸ್ತಕದ ಹೆಸರು ಪಟ್ಟಿಯಲ್ಲಿಲ್ಲ. ಹಾಗಾಗಿ ಅದನ್ನು ಒಂಟಿಯಾಗಿ ಕೊಟ್ಟರೆ ತೂಕ ಕಮ್ಮಿ. ಹಿರಿಯರ ಹೇಳಿಕೆ, ವಂಶಾವಳಿ ಎರಡರ ಜೊತೆ ಸೇರಿಸಿ ಕೊಡಬೇಕು.

ತೊಡಕುಗಳೂ ಇವೆ. ಪುಸ್ತಕದಲ್ಲಿ ಇಸವಿ ಇಲ್ಲ, ಪ್ರಮೋದೂತ ಸಂವತ್ಸರ ಎಂದಿದೆ. ಅದು 1930-31. ಆದರೆ ಅದೇ ಸಂವತ್ಸರ 60 ವರ್ಷಕ್ಕೆ ಮತ್ತೆ ಬರುತ್ತದೆ, 1990ರಲ್ಲೂ ಇತ್ತು. ಆಣೆ ಪೈಯ ಲೆಕ್ಕ, ಪುಸ್ತಕದ ಮೊದಲ ಹಾಳೆಯ ಶಕ ವರ್ಷ 1852, ಎರಡನ್ನೂ ತೋರಿಸಿ ಹಳೆಯದ್ದೇ ಎಂದು ವಿವರಿಸಿ ಬರೆಯಬೇಕಾಯಿತು. ಇನ್ನೊಂದು, ಆಳುಗಳಿಗೆ ಪುಸ್ತಕದಲ್ಲಿ ಅಡ್ಡಹೆಸರೇ ಇಲ್ಲ. ಒಂದೇ ಹೆಸರು ಒಂದೇ ಕಾಲದಲ್ಲಿ ಇಬ್ಬರಿಗೆ ಇದೆ. ಬಿಡಾರ ಎಲ್ಲಿತ್ತು ಎಂದು ಖಾತೆಯ ತಲೆಯ ಮೇಲೆ ಬರೆದದ್ದರಿಂದ, ಅಪ್ಪನ ಬಾಕಿ ಮಗನಿಗೆ ತಂದ ಆ ಸಾಲಿನಿಂದ ಇವರೇ ಎಂದು ಗುರುತು ಹಿಡಿದೆವು. ಮೂರು ತಲೆಮಾರಿನ ಸಂಬಂಧವನ್ನು ಆ ಸಾಲು ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾವ ಕಾಗದವೂ ಹೇಳುತ್ತಿರಲಿಲ್ಲ. ಅವರನ್ನು ಕಟ್ಟಿಹಾಕಿದ ಬರಹವೇ ಅವರು ಇಲ್ಲಿದ್ದರು ಎನ್ನುವುದಕ್ಕೆ ಆಧಾರವಾಯಿತು.

ಇನ್ನೊಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ. ಇದೇ ತುಂಡು ಜಮೀನನ್ನು 75 ವರ್ಷ ಸಾಗುವಳಿ ಮಾಡಿದ್ದಕ್ಕೆ ದಾಖಲೆ ತನ್ನಿ ಅನ್ನುತ್ತಾರೆ. ಕಾಯ್ದೆ ಕೇಳುವುದು ಅದಲ್ಲ. ಮೂರು ತಲೆಮಾರು ಅಲ್ಲಿ ವಾಸ ಇದ್ದದ್ದು ಒಂದು. ಈ ಜಾಗ 2005ರ ಡಿಸೆಂಬರ್ 13ಕ್ಕೆ ಮೊದಲೇ ಕೈಯಲ್ಲಿದ್ದದ್ದು ಇನ್ನೊಂದು. ಎರಡನ್ನು ಬೇರೆ ಬೇರೆಯಾಗಿ ತೋರಿಸಿದರೆ ಅರ್ಜಿ ಎಷ್ಟೋ ಗಟ್ಟಿಯಾಗುತ್ತದೆ.

ಹಿರಿಯರ ಹೇಳಿಕೆಗೆ ದೊಡ್ಡಪ್ಪ ಬೇಕಿತ್ತು. ಅವರಿಗೆ ಎಂಬತ್ತು ದಾಟಿದೆ. 1930 ಅವರು ನೋಡಿದ್ದಲ್ಲ. ಆದರೆ ಅವರ ಬಾಲ್ಯದಿಂದ ಈಚೆಗಿನದ್ದೆಲ್ಲ ಕಣ್ಣಾರೆ ಕಂಡದ್ದು, ಅದಕ್ಕೆ ಹಿಂದಿನದ್ದು ಪುಸ್ತಕದಲ್ಲಿದೆ. ಎರಡೂ ಸೇರಿದರೆ ಕಾಲ ತುಂಬುತ್ತದೆ. ಕೇಳಿದಾಗ ಅವರ ಮೊದಲ ಮಾತು, “ಅಜ್ಜ ಮಾಡಿದ್ದಕ್ಕೆ ಆನೆಂತಕ್ಕೆ ತಲೆ ತಗ್ಸವು, ತಮಾ?”

ತಲೆ ತಗ್ಗಿಸುವುದು ಬೇಡ, ನೋಡಿದ್ದನ್ನು ಹೇಳಿದರೆ ಸಾಕು ಅಂದೆ. ಮಾತು ಮುಂದುವರಿದಂತೆ ಅವರ ಸಂಕಟ ಬೇರೆ ಇರುವುದು ಗೊತ್ತಾಯಿತು. ಆ ಕುಟುಂಬದ ಜಾಗ ಇರುವುದು ನಮ್ಮ ಸೊಪ್ಪಿನ ಬೆಟ್ಟದ ಒಳಗೆ. ಹೊರಗಿನ ಓದುಗರಿಗೆ ಹೇಳಬೇಕು. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬ್ರಿಟಿಷರ ಕಾಲದಿಂದ ತೋಟದವರಿಗೆ ಕಾಡಿನ ಭಾಗ ಬಿಟ್ಟುಕೊಟ್ಟಿದ್ದಾರೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಇದೆ. ಅದು ನಮ್ಮ ಒಡೆತನ ಅಲ್ಲ, ಅರಣ್ಯವೇ. ನಮಗಿರುವುದು ಬಳಸುವ ಸವಲತ್ತು. ಕಾಡನ್ನು ಬಳಸುವ ಹಕ್ಕು ತೋಟ ಇದ್ದವರಿಗೆ ಕಾಗದದ ಮೇಲೆ ಬಂತು. ಅದೇ ತೋಟಕ್ಕೆ ಸೊಪ್ಪು ಹೊತ್ತವರು ಅದೇ ಕಾಡಿನ ಅಂಚಿನಲ್ಲಿ ಮನೆ ಕಟ್ಟಿದರೆ ಅತಿಕ್ರಮಣದಾರರು ಎಂಬ ಹೆಸರು ಬಂತು. ಕೈಗೆ ಬಂದದ್ದು ಎಂದು ನಾನು ಮೇಲೆ ಹೇಳಿದೆನಲ್ಲ, ಅದರಲ್ಲಿ ತೋಟದ ಜೊತೆ ಈ ಬೆಟ್ಟವೂ ಸೇರಿದೆ, ಆ ಪೆಟ್ಟಿಗೆಯ ಪುಸ್ತಕವೂ ಸೇರಿದೆ. ಹೇಳಿಕೆಗೆ ಸಹಿ ಹಾಕಿದರೆ ಬೆಟ್ಟದಲ್ಲಿ ಎಕರೆಯಷ್ಟು ಬಿಟ್ಟುಕೊಟ್ಟಂತೆ. ದೊಡ್ಡಪ್ಪ ಸೊಪ್ಪಿನ ಚಿಂತೆ ಮಾಡಿದ್ದನ್ನು ನಾನು ಸಣ್ಣತನ ಅನ್ನುವುದಿಲ್ಲ. ತೋಟ ಮಾಡುವವನಿಗೆ ಸೊಪ್ಪಿನ ಬೆಲೆ ಗೊತ್ತಿರುತ್ತದೆ. ಆದರೆ ಏನೂ ಕಳೆದುಕೊಳ್ಳದೆ ಒಪ್ಪಿಕೊಳ್ಳುವ ಹೊಣೆಗೆ ಅರ್ಥವಿಲ್ಲ ಎಂದು ನನಗೆ ಅನಿಸುತ್ತದೆ.

ಅವರು ಒಪ್ಪಿದರು. ಆಮೇಲೆ ಇನ್ನೊಂದು ಮಾತು ಬಂತು. ಹೇಳಿಕೆಯಲ್ಲಿ “ಕೆಲಸಕ್ಕೆ ಇದ್ದರು” ಎಂದು ಬರೆದರೆ ಸಾಕಲ್ಲ, ಸಾಲದ ಸುದ್ದಿ ಯಾಕೆ ಅಂದರು. ಕಾನೂನಿನ ದೃಷ್ಟಿಯಲ್ಲಿ ನಿಜಕ್ಕೂ ಸಾಕು. ಸಮಿತಿಗೆ ಬೇಕಾದದ್ದು ವಾಸ ಇದ್ದರೋ ಇಲ್ಲವೋ ಎಂಬುದು ಮಾತ್ರ. ನಾನು ನಿರ್ಧಾರವನ್ನು ಆ ಮನೆಯವರಿಗೇ ಬಿಟ್ಟೆ. ಮಗನಿಗೆ ಯಾವುದಾದರೂ ಸರಿ ಇತ್ತು. ಅವನ ತಾಯಿ ಮಾತ್ರ ಒಪ್ಪಲಿಲ್ಲ. “ಇದ್ದದ್ದು ಇದ್ದಂಗೆ ಬರೀರಿ. ನಮ್ಮ ಮಾವ ಸುಮ್ನೆ ಕೂಲಿಗೆ ಬಂದೋರಲ್ಲ” ಅಂದರು. ಹಾಗಾಗಿ, ತಂದೆಯ ಸಾಲಕ್ಕೆ ಮಗ ನಮ್ಮ ಮನೆಯಲ್ಲಿ ದುಡಿದರು, ಆ ಕಾಲದಿಂದ ಇದೇ ಜಾಗದಲ್ಲಿ ವಾಸ ಇದ್ದಾರೆ ಎಂದೇ ಬರೆದೆವು. ದೊಡ್ಡಪ್ಪ ಓದಿಸಿ ಕೇಳಿ ಸಹಿ ಹಾಕಿದರು.

ನಮ್ಮವರು ಹೇಳುವ ಒಂದು ಆಕ್ಷೇಪಕ್ಕೆ ಇಲ್ಲಿ ಉತ್ತರ ಹೇಳಬೇಕು. 1974ರ ಭೂ ಸುಧಾರಣೆಯಲ್ಲಿ ನಾವೂ ಜಮೀನು ಕಳೆದುಕೊಂಡೆವಲ್ಲ, ಬಾಕಿ ಅಲ್ಲಿಗೇ ಚುಕ್ತಾ ಆಗಲಿಲ್ಲವೇ? ಕಳೆದುಕೊಂಡದ್ದು ನಿಜ. ಅದು ಸುಮ್ನೆ ಬಂದದ್ದೂ ಅಲ್ಲ. ಅಂಕೋಲೆಯ ದಿನಕರ ದೇಸಾಯಿ ಅವರು ಗೇಣಿ ರೈತರನ್ನು ಸಂಘಟಿಸಿ, 1940ರಲ್ಲಿ ಜಿಲ್ಲೆಯಿಂದಲೇ ಗಡಿಪಾರಾದ ಹೋರಾಟದ ಕೊನೆಯ ಹಂತ ಅದು. ಆದರೆ 7ನೇ ನಂಬರ್ ಫಾರ್ಮ್ ತುಂಬಿ ಜಮೀನು ಪಡೆದದ್ದು ಗೇಣಿದಾರರು. ಗೇಣಿ ಕೊಟ್ಟು ಸಾಗುವಳಿ ಮಾಡುತ್ತಿದ್ದವರು. ಸಾಲಕ್ಕೆ ದುಡಿಯುತ್ತಿದ್ದ ಆಳು ಗೇಣಿದಾರ ಅಲ್ಲ, ಅವನಿಗೆ ಆ ಫಾರ್ಮ್ ಇರಲಿಲ್ಲ. ನಾವು ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರ ಲೆಕ್ಕದಲ್ಲಿ ಜಮಾ ಹಿಡಿಯಲು ಬರುವುದಿಲ್ಲ, ಅಲ್ವಾ?

ಇಡೀ ಜಾತಿಯ ಮೇಲೆ ಹೊರಿಸುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮಲ್ಲೇ ಕಾಲು ಎಕರೆ ತೋಟ ಇದ್ದು, ಸ್ವತಃ ಮಠದ ಜಮೀನು ಗೇಣಿಗೆ ಮಾಡಿದ ಮನೆಗಳಿವೆ. ಅವರಿಗೆ ಈ ಪುಸ್ತಕದ ಬಾಕಿ ಇಲ್ಲ. ಆದರೆ ಜೊತೆಯಾಗಿ ಮಾಡಲೇಬೇಕಾದ ಕೆಲಸ ಒಂದಿದೆ. ಅರಣ್ಯ ಹಕ್ಕು ಸಮಿತಿ ಸ್ಥಳ ನೋಡಿ, ಜಿಪಿಎಸ್ ನಕ್ಷೆ ಮಾಡಿದ ಮೇಲೆ ಅರ್ಜಿ ಗ್ರಾಮ ಸಭೆಗೆ ಬರುತ್ತದೆ. ಅಲ್ಲಿ ಊರಿನ ಅರ್ಧದಷ್ಟು ಜನ ಇರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಇಲ್ಲದಿದ್ದರೆ ಠರಾವಿಗೆ ಬೆಲೆ ಇಲ್ಲ. ತೋಟದ ಮನೆಯವರು “ಅದು ಅವರ ಸಭೆ” ಎಂದು ಮನೆಯಲ್ಲೇ ಉಳಿದರೆ ಕೋರಂ ಆಗುವುದಿಲ್ಲ, ಅರ್ಜಿ ಮುಂದೆ ಹೋಗುವುದಿಲ್ಲ. ಯಾರೂ ವಿರೋಧಿಸಬೇಕೆಂದಿಲ್ಲ, ಬರದಿದ್ದರೆ ಸಾಕು. ಸಮುದಾಯದ ಹೊಣೆ ಅಂದರೆ ನನಗೆ ಮೊದಲು ನೆನಪಾಗುವುದು ಆ ಸಭೆಗೆ ಹೋಗಿ ಕೂತು, ಗೊತ್ತಿದ್ದದ್ದನ್ನು ಎದ್ದುನಿಂತು ಹೇಳುವುದು. ನಮ್ಮ ಊರಿನಲ್ಲಿ ಮೊದಲನೇ ಸಲ ಕೋರಂ ಆಗಲಿಲ್ಲ. ಎರಡನೇ ಸಲ ಮನೆಮನೆಗೆ ಹೋಗಿ ಕರೆದೆವು, ಹೆಂಗಸರು ಮೊದಲು ಬಂದರು. ಠರಾವು ಆಯಿತು. ಅರ್ಜಿ ಈಗ ಉಪವಿಭಾಗ ಮಟ್ಟದ ಸಮಿತಿಯಲ್ಲಿದೆ. ಅಲ್ಲಿ ತಿರಸ್ಕಾರ ಆದರೆ 60 ದಿನದ ಒಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು. ಕಾಗದಗಳ ಇನ್ನೊಂದು ಪ್ರತಿ ಅದಕ್ಕೆಂದೇ ತೆಗೆದಿಟ್ಟಿದ್ದೇವೆ.

ಅದೇ ಕೇರಿಯಲ್ಲಿ ಬೇರೆ ಮನೆಗಳೂ ಇವೆ. ಅವರ ಅಜ್ಜಂದಿರು ದುಡಿದದ್ದು ನಮ್ಮಲ್ಲಲ್ಲ, ಹೊಳೆಯಾಚೆಯ ಇನ್ನೊಂದು ಮನೆಯಲ್ಲಿ. ಆ ಮನೆಯವರು ಈಗ ಬೆಂಗಳೂರಿನಲ್ಲಿದ್ದಾರೆ. ಫೋನ್ ಮಾಡಿ ಕೇಳಿದೆ. ಪುಸ್ತಕಗಳಿವೆ, ಗೆದ್ದಲು ಹಿಡಿಯದಿದ್ದರೆ ಸಿಗುತ್ತವೆ ಅಂದರು. ಆಮೇಲೆ ಸ್ವಲ್ಪ ತಡೆದು, ಇದನ್ನು ಕೊಟ್ಟರೆ ನಾಳೆ ನಮ್ಮ ಮೇಲೆ ಕೇಸು ಬೀಳುತ್ತದೆಯೇ ಎಂದು ಕೇಳಿದರು. ಬೀಳುವುದಿಲ್ಲ. ಕಾಯ್ದೆ ಬರುವ ಮೊದಲು ನಡೆದದ್ದನ್ನು ಆಮೇಲಿನ ಕಾಯ್ದೆಯಿಂದ ಅಪರಾಧ ಮಾಡಲು ಬರುವುದಿಲ್ಲ ಎಂದು ಸಂವಿಧಾನದ 20ನೇ ವಿಧಿಯೇ ಹೇಳುತ್ತದೆ. ಅಜ್ಜ ಮಾಡಿದ್ದಕ್ಕೆ ಮೊಮ್ಮಗನನ್ನು ಶಿಕ್ಷಿಸುವ ಕಾನೂನಂತೂ ಇಲ್ಲವೇ ಇಲ್ಲ. ಬೆಟ್ಟದ ವಿಷಯವನ್ನೂ ಮುಚ್ಚಿಡದೆ ಹೇಳಿದೆ, ಆ ಮನೆಗಳು ನಿಮ್ಮ ಬೆಟ್ಟದ ಒಳಗೇ ಬರುತ್ತವೆ ಎಂದೆ. ನವರಾತ್ರಿ ರಜೆಗೆ ಊರಿಗೆ ಬರುತ್ತೇನೆ, ಆಗ ಹುಡುಕೋಣ ಅಂದಿದ್ದಾರೆ.